ಸೇಮ್ ಅಂದ್ರೆ ಸೇಮ್ ಅಲ್ಲ

ಇಪ್ಪತ್ತೆರಡು ವರ್ಷ ಕರಿಹಲಗೆ ಮುಂದೆ ನಿಂತು ಗಂಟಲು ಹರ್ಕೊಂಡವಳಿಗೆ, ಒಂದು ದಿನ ಹೆಚ್ಚೆಮ್ ಮೇಡಂ ಕರೆದು, "ಇನ್ಮೇಲೆ ಪಾಠ ಮನೇಲಿ, ಲೆಕ್ಕ ಕ್ಲಾಸಲ್ಲಿ" ಅಂದ್ರು. ನನಗೆ ತಲೆಬುಡ ಅರ್ಥ ಆಗ್ಲಿಲ್ಲ. ಆಮೇಲೆ ಬಿಡಿಸಿ ಹೇಳಿದ್ರು. ನಾನು ರೇಖಾಗಣಿತದ ಪಾಠವನ್ನ ನಾಲ್ಕೈದು ನಿಮಿಷದ ವಿಡಿಯೋ ಮಾಡಿ ಹತ್ತನೇ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಕು. ಮಕ್ಕಳು ಅದನ್ನ ಮನೇಲಿ ನೋಡ್ಕೊಂಡು ಬರ್ಬೇಕು. ಕ್ಲಾಸಲ್ಲಿ ಪಾಠ ಮಾಡೋ ಹಾಗಿಲ್ಲ. ನಾಲ್ಕು ನಾಲ್ಕು ಜನ ಗುಂಪಾಗಿ ಕೂತು ಲೆಕ್ಕ ಬಿಡಿಸ್ತಾರೆ, ನಾನು ಗುಂಪಿಂದ ಗುಂಪಿಗೆ ಓಡಾಡಿ ಎಲ್ಲಿ ಸಿಕ್ಕಿಹಾಕ್ಕೊಂಡಿದ್ದಾರೆ ನೋಡ್ಬೇಕು. "ಮನೇಲಿ ಒಬ್ಬರೇ ಕೂತು ಲೆಕ್ಕ ಬರದೆ ಅಳೋ ಬದಲು ನಿಮ್ಮ ಎದುರಿಗೇ ಮಾಡ್ಲಿ ಮೇಡಂ" ಅಂದ್ರು. ಮಾತು ಸರಿಯಾಗಿತ್ತು. ಸರಿಯಾಗಿದ್ದ ಮಾತಿಗೆ ಇಲ್ಲ ಅನ್ನೋದು ಹೇಗೆ? ಒಪ್ಕೊಂಡೆ.

ನಮ್ಮದು ಶಿವಾಜಿನಗರ ಬಸ್ ಸ್ಟ್ಯಾಂಡಿಂದ ನಡೆಯುವ ದೂರದ ಕನ್ನಡ ಮೀಡಿಯಂ ಶಾಲೆ. ಮನೆ ಕೆ.ಆರ್. ಪುರದಲ್ಲಿ. ಸಂಜೆ ಬಸ್ಸಲ್ಲಿ ಜಜ್ಜಿಸ್ಕೊಂಡು ಮನೆಗೆ ಬಂದು, ಅಡುಗೆಮನೆ ಗೋಡೆಗೆ ಬಿಳಿ ಬೋರ್ಡ್ ಒರಗಿಸಿ, ಎರಡು ಹಿಟ್ಟಿನ ಡಬ್ಬದ ಮೇಲೆ ಫೋನ್ ಇಟ್ಟು ರೆಕಾರ್ಡ್ ಮಾಡ್ತಿದ್ದೆ. ಫ್ಯಾನ್ ಆರಿಸ್ಬೇಕು, ಕುಕ್ಕರ್ ಕೂಗಬಾರದು, ಯಜಮಾನರು ಕೆಮ್ಮಬಾರದು. "ನಾನು ಉಸಿರಾದ್ರೂ ಆಡ್ಬಹುದೇನೆ?" ಅಂತ ಅವರು ಹಾಲಿಂದ ಕೇಳೋದು ಎರಡು ವಿಡಿಯೋದಲ್ಲಿ ಹಾಗೇ ಉಳ್ಕೊಂಡಿದೆ. ಮಕ್ಕಳಿಗೆ ಆ ಎರಡು ಪಾಠ ಮಾತ್ರ ಬಾಯಿಪಾಠ.

ನೋಡಿದ್ದಾರೋ ಇಲ್ವೋ ಕಂಡುಹಿಡಿಯೋಕೆ ಒಂದು ಉಪಾಯ ಮಾಡ್ದೆ. ಜಂಬದಿಂದ ಹೇಳ್ತಿದ್ದೀನಿ, ಆಗ ಜಂಬ ಇತ್ತು. ವಿಡಿಯೋ ಮುಗಿಯೋ ಹೊತ್ತಿಗೆ ಒಂದು ಗುಟ್ಟಿನ ಪದ ಹೇಳ್ತಿದ್ದೆ. "ಇವತ್ತಿನ ಪದ ನುಗ್ಗೆಕಾಯಿ." "ಇವತ್ತಿನ ಪದ ಇಸ್ತ್ರಿಪೆಟ್ಟಿಗೆ." ಮಾರನೇ ದಿನ ನೋಟ್‌ಬುಕ್ಕಿನ ಮೂಲೇಲಿ ಆ ಪದ ಬರೆದಿದ್ರೆ ಗೋಡೆ ಮೇಲಿನ ಚಾರ್ಟಲ್ಲಿ ಹೆಸರಿನ ಮುಂದೆ ಹಸಿರು ಚುಕ್ಕೆ, ಇಲ್ಲದಿದ್ರೆ ಕೆಂಪು. ಕೆಂಪು ಬಿದ್ದವರು ಆ ದಿನ ಗುಂಪಿಗೆ ಸೇರೋ ಹಾಗಿಲ್ಲ. ಹಿಂದಿನ ಬೆಂಚಲ್ಲಿ ಕೂತು ಶಾಲೆಯ ಟ್ಯಾಬಲ್ಲಿ ವಿಡಿಯೋ ನೋಡ್ಬೇಕು. ಮೂರು ಕೆಂಪು ಆದ್ರೆ ಮನೆಗೆ ಫೋನ್. ಹೆಚ್ಚೆಮ್ ಮೇಡಮ್ಮಿಗೆ ಚಾರ್ಟ್ ಬಹಳ ಹಿಡಿಸ್ತು. ಬಂದವರನ್ನೆಲ್ಲ ಕರ್ಕೊಂಡು ಬಂದು ತೋರಿಸ್ತಿದ್ರು.

ಚಾರ್ಟಲ್ಲಿ ಒಬ್ಬ ಹುಡುಗಿಯ ಹೆಸರಿನ ಮುಂದೆ ಎರಡು ಕೆಂಪು ಬಿದ್ದಿತ್ತು. ಹಲಸೂರಿಂದ ಬರ್ತಿದ್ದ ಹುಡುಗಿ. ಮನೇಲಿ ತಮಿಳು, ಕ್ಲಾಸಲ್ಲಿ ಅಚ್ಚುಕಟ್ಟಾದ ಕನ್ನಡ, ಮಾತು ಕಮ್ಮಿ. ಮೊದಲಿಂದ ಲೆಕ್ಕದಲ್ಲಿ ಚುರುಕು. ಅದಕ್ಕೇ ನನಗೆ ಸಿಟ್ಟು ಜಾಸ್ತಿ. ಬುದ್ಧಿ ಇರೋವ್ರು ಸೋಮಾರಿತನ ಮಾಡಿದ್ರೆ ನನಗೆ ಮೈ ಉರಿಯುತ್ತೆ.

ಶನಿವಾರ ಸಮರೂಪ ತ್ರಿಭುಜದ ವಿಡಿಯೋ ಹಾಕಿದೆ. ಸೋಮವಾರ ನೋಟ್‌ಬುಕ್ ನೋಡ್ತೀನಿ, ಆ ಹುಡುಗಿಯ ಹಾಳೆಯ ಮೂಲೆ ಖಾಲಿ. ಮೂರನೇ ಕೆಂಪು.

"ನೋಡಿದ್ದೀನಿ ಮಿಸ್" ಅಂದಳು.

"ನೋಡಿದ್ರೆ ಪದ ಎಲ್ಲಿ?"

ಅವಳು ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, "ಮಿಸ್, ಮನೆಗೆ ಮಾತ್ರ ಫೋನ್ ಮಾಡ್ಬೇಡಿ. ಅಪ್ಪ ನಾನು ಫೋನಲ್ಲಿ ಬೇರೆ ಏನೋ ನೋಡ್ತೀನಿ ಅನ್ಕೊಳ್ತಾರೆ. ಫೋನ್ ಕಿತ್ಕೊಂಡ್ಬಿಟ್ರೆ ನನಗೆ ಪಾಠನೇ ಇಲ್ಲ" ಅಂದಳು. ಕಣ್ಣಲ್ಲಿ ನೀರಿತ್ತು. ನಾನೇನು ಕಮ್ಮಿ ನಾಟಕ ನೋಡಿದ್ದೀನಾ ಇಪ್ಪತ್ತೆರಡು ವರ್ಷದಲ್ಲಿ! "ರೂಲ್ಸು ಅಂದ್ರೆ ರೂಲ್ಸು ಕಣಮ್ಮ, ನಿನಗೊಂದು ಉಳಿದವರಿಗೊಂದು ಮಾಡೋಕಾಗಲ್ಲ" ಅಂದೆ. ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಂದ ಫೋನ್ ಮಾಡ್ದೆ. ಆಕಡೆ ನಿದ್ದೆಗಣ್ಣಿನ ಗಂಡಸಿನ ದನಿ. "ನಿಮ್ಮ ಮಗಳು ಪಾಠದ ವಿಡಿಯೋ ನೋಡ್ತಿಲ್ಲ. ಫೋನ್ ಹಿಡ್ಕೊಂಡು ಏನ್ ನೋಡ್ತಾಳೋ ಸ್ವಲ್ಪ ಗಮನ ಇಡಿ" ಅಂದೆ. ಕೊನೆಯ ಮಾತು ಯಾಕೆ ಸೇರಿಸಿದೆ? ಯಾರೂ ಸೇರಿಸು ಅಂದಿರಲಿಲ್ಲ. ಬಾಯಿಗೆ ಬಂತು, ಆಡ್ಬಿಟ್ಟೆ. "ಸರಿ ಟೀಚರಮ್ಮ" ಅಂತ ಅವರು ಇಟ್ರು.

ಸೋಮವಾರವೇ ಆ ಪಾಠದ ಲೆಕ್ಕ ಮಾಡಿಸ್ಬೇಕಿತ್ತು. ಆದ್ರೆ ಬುಧವಾರ ಗಣಿತದ ವಿಷಯ ಪರಿವೀಕ್ಷಕರು ನಮ್ಮ ಹೊಸ ಪದ್ಧತಿ ನೋಡೋಕೆ ಬರ್ತಾರೆ ಅಂತ ಸುದ್ದಿ ಬಂತು. "ಆ ಲೆಕ್ಕ ಮುಟ್ಬೇಡಿ, ಬುಧವಾರಕ್ಕೆ ಇಟ್ಕೊಳ್ಳಿ" ಅಂತ ಹೆಚ್ಚೆಮ್ ಮೇಡಂ ಆರ್ಡರ್ ಮಾಡಿದ್ರು. ಇಟ್ಕೊಂಡೆ.

ಬುಧವಾರ ಪರಿವೀಕ್ಷಕರು ಬಂದ್ರು. ಸೌಮ್ಯ ಮನುಷ್ಯ, ಕನ್ನಡಕದ ಮೇಲಿಂದ ನೋಡೋವ್ರು. ಚಾರ್ಟ್ ನೋಡಿ "ಭೇಷ್" ಅಂದ್ರು. ಮಕ್ಕಳು ಗುಂಪುಗುಂಪಾಗಿ ಕೂತಿದ್ರು. ಆ ಹುಡುಗಿ ಈ ಪಾಠಕ್ಕೆ ಕೆಂಪು ಬಿದ್ದವಳಾದ್ದರಿಂದ ಹಿಂದಿನ ಬೆಂಚಲ್ಲಿ, ಒಬ್ಬಳೇ, ಇನ್ನೂ ಆನ್ ಮಾಡದ ಟ್ಯಾಬ್ ಮುಂದಿಟ್ಕೊಂಡು. ನಾನು ಬೋರ್ಡಲ್ಲಿ ಲೆಕ್ಕ ಬರೆದೆ. ಎಬಿಸಿ ಅನ್ನೋ ಚಿಕ್ಕ ತ್ರಿಭುಜ, ಪಿಕ್ಯೂಆರ್ ಅನ್ನೋ ದೊಡ್ಡದು. ಅನುರೂಪ ಕೋನಗಳು ಮೂರೂ ಸಮ. ಎಬಿ ನಾಲ್ಕು ಸೆಂಟಿಮೀಟರ್, ಬಿಸಿ ಆರು, ಪಿಕ್ಯೂ ಆರು. ಕ್ಯೂಆರ್ ಎಷ್ಟು? ಪಾಠ ಗೊತ್ತಿದ್ರೆ ಎರಡು ನಿಮಿಷದ ಕೆಲಸ. ಕೋನ ಸಮ ಅಂದ್ರೆ ತ್ರಿಭುಜಗಳು ಸಮರೂಪ, ಬಾಹುಗಳು ಒಂದೇ ಅನುಪಾತದಲ್ಲಿರ್ತವೆ. ನಾಲ್ಕಕ್ಕೆ ಆರು ಹೇಗೋ ಆರಕ್ಕೆ ಒಂಬತ್ತು ಹಾಗೆ. ಉತ್ತರ ಒಂಬತ್ತು.

ಮೊದಲ ಗುಂಪಿನ ಹತ್ತಿರ ಹೋದೆ. ಆರು ಅಂತ ಬರೆದಿದ್ರು. ಎರಡನೇ ಗುಂಪು, ಆರು. ಮೂರನೇದು, ಆರು. ನಾಲ್ಕನೇ ಗುಂಪಿನ ಒಬ್ಬ ಬಾಯಿಬಡುಕ ಎದ್ದು, "ಮಿಸ್, ಕ್ವೆಶ್ಚನ್ನೇ ತಪ್ಪು. ಎಬಿ ನಾಲ್ಕು, ಪಿಕ್ಯೂ ಆರು, ಹೆಂಗೆ ಸೇಮ್ ಆಯ್ತದೆ?" ಅಂದ.

"ಸೇಮ್ ಯಾಕಪ್ಪ ಆಗ್ಬೇಕು?" ಅಂತ ಕೇಳಿದೆ, ದನಿ ಸಣ್ಣ ಮಾಡ್ಕೊಂಡು.

"ನೀವೇ ಹೇಳಿದ್ರಲ್ಲ ಮಿಸ್ ವಿಡಿಯೋದಲ್ಲಿ. ಮೂರು ಕೋನ ಸೇಮ್ ಇದ್ರೆ ಎರಡು ತ್ರಿಭುಜನೂ ಸೇಮ್ ಅಂತ. ಬಿಸಿ ಆರು ಅಂದ್ರೆ ಕ್ಯೂಆರೂ ಆರು."

ಅಯ್ಯೋ ದೇವರೇ. ಹೇಳಿದ್ದೆ. ನಮ್ಮ ಬೆಂಗಳೂರಿನ ಬಾಯಿಗೆ ಎಲ್ಲಾನೂ ಸೇಮೇ. ಸೀರೆ ಸೇಮ್, ಸಾರು ಸೇಮ್, ಮಗು ಅಪ್ಪನ ಸೇಮ್. ಸಮರೂಪಕ್ಕೂ ಸೇಮ್ ಅಂದೆ. ಸರ್ವಸಮ ಅಂದ್ರೆ ಆಕಾರ ಅಳತೆ ಎರಡೂ ಒಂದೇ, ಸಮರೂಪ ಅಂದ್ರೆ ಆಕಾರ ಮಾತ್ರ ಒಂದೇ ಅಂತ ವರ್ಷವರ್ಷ ಹಲಗೆ ಮುಂದೆ ನಿಂತು ಕೂಗಿದವಳು ನಾನೇ. ಅಲ್ಲಿ ಮುಂದೆ ಮಕ್ಕಳಿದ್ರು, ಮುಖ ಸೊಟ್ಟ ಮಾಡಿದ್ರೆ ತಿದ್ಕೊಳ್ತಿದ್ದೆ. ಹಿಟ್ಟಿನ ಡಬ್ಬ ಮುಖ ಸೊಟ್ಟ ಮಾಡಲ್ಲ. ಅನುಪಾತವನ್ನ ಬಿಳಿ ಬೋರ್ಡಲ್ಲಿ ಬರೆದಿದ್ದೆ, ಆದ್ರೆ ನಿಮಿಷ ಮೀರುತ್ತೆ ಅಂತ ಬಾಯಲ್ಲಿ ಓದಲಿಲ್ಲ. "ಇದು ಹೀಗೆ ಬರುತ್ತೆ, ನೋಡ್ಕೊಳ್ಳಿ" ಅಂತ ಬೆರಳು ತೋರಿಸಿ ಮುಗಿಸಿದ್ದೆ.

ಅಷ್ಟರಲ್ಲಿ ಪರಿವೀಕ್ಷಕರು ಹಿಂದಿನ ಬೆಂಚಿಗೆ ಹೋಗಿದ್ರು. ಹುಡುಗಿಯ ನೋಟ್‌ಬುಕ್ ಎತ್ತಿ ನೋಡಿದ್ರು. ಬೋರ್ಡಿನ ಲೆಕ್ಕ ಅವಳೂ ಮಾಡಿದ್ದಳು. ಒಂಬತ್ತು.

"ಇದೇನ್ರೀ ಇದು" ಅಂತ ಅವರು ನಕ್ಕರು. "ವಿಡಿಯೋ ನೋಡಿದವರದ್ದೆಲ್ಲ ಆರು, ನೋಡದೆ ಇರೋವಳದ್ದು ಒಂಬತ್ತು! ಯಾರಮ್ಮ ನಿನಗೆ ಹೇಳ್ಕೊಟ್ಟಿದ್ದು?"

"ಮಿಸ್ ವಿಡಿಯೋ ನೋಡಿ ಕಲ್ತೆ ಸರ್."

ಇಡೀ ಕ್ಲಾಸು ಗೋಡೆ ಮೇಲಿನ ಮೂರು ಕೆಂಪು ಚುಕ್ಕೆ ನೋಡಿ ಗೊಳ್ಳಂತ ನಕ್ಕಿತು. "ಸುಳ್ಳು ಸರ್, ಅವಳು ನೋಡೇ ಇಲ್ಲ" ಅಂತ ಯಾರೋ ಕೂಗಿದ್ರು. ಹುಡುಗಿ ನನ್ನನ್ನೇ ನೋಡಿದಳು. ಹೆಚ್ಚೆಮ್ ಮೇಡಮ್ಮೂ ನನ್ನನ್ನೇ ನೋಡಿದ್ರು. ತಪ್ಪು ನನ್ನದು ಅಂದ್ರೆ ಮೇಡಂ ಮುಖ ಎಲ್ಲಿಡ್ಬೇಕು, ನನ್ನ ಮುಖ ಎಲ್ಲಿಡ್ಬೇಕು, ಆ ಚಾರ್ಟ್ ಎಲ್ಲಿಡ್ಬೇಕು. ಅವಳು ಸುಳ್ಳಿ ಅಲ್ಲ ಅಂದ್ರೆ ಸೋಮವಾರ ಅವಳಪ್ಪನಿಗೆ ನಾನು ಹೇಳಿದ್ದು ಏನು? ಯಾವ ಕಡೆ ತಿರುಗಿದ್ರೂ ನಾನೇ ಕಟ್ಟಿದ ಗೋಡೆ. "ಅವಳು ಮೊದಲಿಂದ ಬುದ್ಧಿವಂತೆ ಸರ್" ಅಂದೆ. ಬೋರ್ಡ್ ಒರೆಸಿ, ಒಂಬತ್ತು ಹೇಗೆ ಬಂತು ಅಂತ ಬಿಡಿಸಿ ತೋರಿಸಿದೆ. ತಪ್ಪು ಎಲ್ಲಿಂದ ಬಂತು ಅಂತ ಮಾತ್ರ ಬಾಯಿಬಿಡಲಿಲ್ಲ. ನಾಚಿಕೆಗೇಡು.

ಗಂಟೆ ಹೊಡೆದ ಮೇಲೆ ಅವಳನ್ನ ನಿಲ್ಲಿಸ್ಕೊಂಡೆ. "ನಿಜ ಹೇಳು, ನೋಡಿದ್ಯಾ?"

"ನೋಡಿದ್ದೀನಿ ಮಿಸ್. ಸೌಂಡ್ ಇಲ್ದೆ ನೋಡಿದ್ದೀನಿ."

ಅಪ್ಪ ಬೇಕರಿಯಲ್ಲಿ ಬ್ರೆಡ್ಡಿನ ಒಲೆ ಮುಂದೆ ರಾತ್ರಿ ಪಾಳಿ ಕೆಲಸ ಮಾಡೋವ್ರು. ಬೆಳಿಗ್ಗೆ ಬಂದು ಮಧ್ಯಾಹ್ನದವರೆಗೆ ಮಲಗ್ತಾರೆ, ಮತ್ತೆ ಸಂಜೆ ಐದರಿಂದ ಒಂಬತ್ತು. ಮನೆ ಅಂದ್ರೆ ಒಂದೇ ರೂಮು. ಇವಳಿಗೆ ಅಪ್ಪನ ಫೋನ್ ಸಿಗೋದು ಅವರು ಮಲಗಿರುವ ಆ ಸಂಜೆಯಲ್ಲೇ. ಇಯರ್‌ಫೋನ್ ಕೆಟ್ಟು ತಿಂಗಳುಗಳೇ ಆಗಿತ್ತು. ಹೊರಗೆ ಹೋಗಿ ಕೇಳೋಣ ಅಂದ್ರೆ, ಹುಡುಗಿ ಫೋನ್ ಹಿಡ್ಕೊಂಡು ಬೀದೀಲಿ ನಿಂತ್ರೆ ಜನ ಬಿಡ್ತಾರಾ? ಅದಕ್ಕೆ ದನಿ ಪೂರ್ತಿ ಕಮ್ಮಿ ಮಾಡಿ, ನಾನು ಬೋರ್ಡಲ್ಲಿ ಬರೆದದ್ದನ್ನ ಒಂದೊಂದೇ ನಿಲ್ಲಿಸಿ ನಿಲ್ಲಿಸಿ ನೋಡಿ ಇಳಿಸ್ಕೊಳ್ತಿದ್ದಳು. ನಾನು ಬಾಯಲ್ಲಿ ಬಿಟ್ಟ ಅನುಪಾತವನ್ನ ಕಣ್ಣಲ್ಲಿ ನೋಡಿದ್ದಳು. ಬಾಯಲ್ಲಿ ಅಂದ ಸೇಮ್ ಅವಳ ಕಿವಿಗೆ ಬೀಳಲೇ ಇಲ್ಲ. ಗುಟ್ಟಿನ ಪದವೂ ಬೀಳಲಿಲ್ಲ.

"ಪದ ಯಾರನ್ನಾದ್ರೂ ಕೇಳಿ ಬರ್ಕೋಬಾರ್ದಿತ್ತೇನೇ? ಮೊದಲೇ ನನಗೆ ಹೇಳಬಾರದಿತ್ತಾ?"

"ನಾನು ಕೇಳಿಸ್ಕೊಳ್ದೇ ಇರೋದನ್ನ ಬರೆದ್ರೆ ಸುಳ್ಳಾಗಲ್ವಾ ಮಿಸ್? ಮನೇಲಿ ಒಂದೇ ರೂಮು ಅಂತ ಎಲ್ಲರ ಮುಂದೆ ಹೇಗೆ ಹೇಳ್ಲಿ?" ಅಂದಳು. ಆಮೇಲೆ, "ಅಪ್ಪ ಸೋಮವಾರನೇ ಫೋನ್ ತಗೊಂಡ್ಬಿಟ್ರು. ಹೊಡೀಲಿಲ್ಲ, ಬೈಲಿಲ್ಲ. ಮಾತಾಡಿಸ್ತಾನೇ ಇಲ್ಲ" ಅಂತ ಹೇಳಿ ಬ್ಯಾಗ್ ಎತ್ಕೊಂಡಳು.

ಅವತ್ತು ಸಂಜೆಯೇ ಅವಳ ಜೊತೆ ಹಲಸೂರಿಗೆ ಹೋದೆ. ಐದಕ್ಕೆ ಮುಂಚೆ ಮುಟ್ಟಬೇಕು ಅಂತ ಆಟೋ ಹತ್ತಿಸಿದೆ. ದಾರಿಯುದ್ದಕ್ಕೂ ಅವಳು ಹೊರಗೇ ನೋಡ್ತಾ ಕೂತಿದ್ದಳು. ಕೆರೆಯ ಹಿಂದಿನ ಗಲ್ಲಿಯಲ್ಲಿ ಮೇಲಿನ ಮಹಡಿ. ಒಳಗೆ ಹೋದ್ರೆ ನಾಲ್ಕು ಹೆಜ್ಜೆಗೆ ಗೋಡೆ. ಮಂಚ, ಸ್ಟೋವು, ಬಕೆಟ್ಟು, ದೇವರ ಫೋಟೋ, ಎಲ್ಲಾ ಕೈಗೆಟಕುವಷ್ಟರಲ್ಲಿ. ಕಿಟಕಿಗೆ ಬೆಳಕು ಬರದ ಹಾಗೆ ಹಳೇ ಬೆಡ್‌ಶೀಟ್ ಹೊಡೆದಿದ್ರು. ಬಾಗಿಲು ಹಾಕಿದ ಕೂಡಲೇ ನನಗೆ ಉಸಿರು ಕಟ್ಟಿದ ಹಾಗಾಯ್ತು. ಇಂಥಲ್ಲಿ ಹುಡುಗಿ ಫೋನಿನ ಬೆಳಕನ್ನೂ ದುಪಟ್ಟದಲ್ಲಿ ಮುಚ್ಕೊಂಡು ನನ್ನ ತ್ರಿಭುಜ ನೋಡಿದ್ದಾಳೆ.

ಅವರಪ್ಪ ಎದ್ದು ಶರ್ಟ್ ಹಾಕ್ಕೊಂಡ್ರು. ತೋಳಿನ ಮೇಲೆಲ್ಲ ಒಲೆಯ ಸುಟ್ಟ ಕಲೆ. ಅವರ ಹೆಂಡತಿ ಮನೆಗೆಲಸದಿಂದ ಇನ್ನೂ ಬಂದಿರಲಿಲ್ಲ. "ಕೂತ್ಕೊಳ್ಳಿ ಟೀಚರಮ್ಮ" ಅಂತ ಇದ್ದ ಒಂದು ಕುರ್ಚಿ ಎಳೆದ್ರು. ನಾನು ನಡೆದದ್ದು ಹೇಳ್ದೆ. ಮಗಳು ನೋಡಿದ್ದಾಳೆ, ನಿಮ್ಮ ನಿದ್ದೆ ಕೆಡಬಾರದು ಅಂತ ದನಿ ಇಲ್ಲದೆ ನೋಡಿದ್ದಾಳೆ, ತಪ್ಪು ನನ್ನದು, ದಯವಿಟ್ಟು ಫೋನ್ ಕೊಡಿ, ಮಾರ್ಚಲ್ಲಿ ಪರೀಕ್ಷೆ ಇದೆ.

ಅವರು ಶರ್ಟಿನ ಗುಂಡಿ ಹಾಕ್ಕೊಳ್ತಾ, "ಸೋಮವಾರ ನೀವೇ ನೋಡ್ತಿಲ್ಲ ಅಂದ್ರಿ. ಇವತ್ತು ನೀವೇ ನೋಡ್ತಾಳೆ ಅಂತೀರಿ. ಓದಿದವರು ನೀವು. ನಾನು ಯಾವುದನ್ನ ನಂಬ್ಲಿ ಹೇಳಿ" ಅಂದ್ರು. ಕೋಪ ಇರಲಿಲ್ಲ. ಕೋಪ ಇದ್ದಿದ್ರೆ ನಾನೂ ಎರಡು ಮಾತಾಡ್ತಿದ್ದೆ.

"ಇವತ್ತಿನದನ್ನ ನಂಬಿ" ಅಂದೆ.

"ಕ್ಲಾಸಲ್ಲಿ ಹೇಳಿದ್ರಾ ಇದನ್ನ? ಇವಳು ಸರಿ, ನೀವು ತಪ್ಪು ಅಂತ?"

ಹುಡುಗಿ ನೆಲ ನೋಡ್ತಾ ನಿಂತಿದ್ದಳು. ನಾನು ಸುಳ್ಳು ಹೇಳ್ಬಹುದಿತ್ತು, ಅವಳು ಬಾಯಿಬಿಡ್ತಿರಲಿಲ್ಲ. "ಇಲ್ಲ" ಅಂದೆ.

"ಹಾಗಾದ್ರೆ ಅಲ್ಲಿ ಹೇಳ್ಬಿಟ್ಟು ಬನ್ನಿ. ಆಮೇಲೆ ಫೋನ್ ಕೊಡ್ತೀನಿ."

ಕೆ.ಆರ್. ಪುರದ ಬಸ್ಸಲ್ಲಿ ಕೂತು ನನಗೆ ನಾನೇ ಬೈಕೊಂಡೆ. ಮನೆಗೆ ಹೋಗಿ ಆ ವಿಡಿಯೋ ಎರಡು ಸಲ ಹಾಕ್ಕೊಂಡೆ. ಒಂದು ಸಲ ಕಣ್ಣು ಮುಚ್ಚಿ, ಒಂದು ಸಲ ದನಿ ತೆಗೆದು. ಕಣ್ಣು ಮುಚ್ಚಿದ್ರೆ ಪಾಠ ತಪ್ಪು. ದನಿ ತೆಗೆದ್ರೆ ಪಾಠ ಸರಿ. ಯಜಮಾನರು ಬಂದು, "ಏನೇ, ನಿನ್ನ ಮುಖ ನೀನೇ ನೋಡ್ಕೊಂಡು ಅಳ್ತಿದ್ದೀಯಾ?" ಅಂದ್ರು. ಎದ್ದು ಹೋಗಿ ಅಂದೆ.

ಗುರುವಾರ ಮೊದಲು ಹೆಚ್ಚೆಮ್ ಮೇಡಂ ರೂಮಿಗೆ ಹೋದೆ. "ಪರಿವೀಕ್ಷಕರು ಒಳ್ಳೇ ರಿಪೋರ್ಟ್ ಕೊಟ್ಟಿದ್ದಾರೆ, ಈಗ ಯಾಕೆ ಕೆದಕ್ತೀರಿ? ಮಕ್ಕಳಿಗೆ ಸರಿ ಉತ್ತರ ಗೊತ್ತಾಯ್ತಲ್ಲ" ಅಂದ್ರು. ಅವರದ್ದೂ ನಿಜವೇ. ಆದ್ರೆ ಒಂದು ರೂಮಲ್ಲಿ ಒಬ್ಬ ಅಪ್ಪ ಮಗಳ ಹತ್ತಿರ ಮಾತು ಬಿಟ್ಟು ಕೂತಿದ್ದಾನೆ. ರಿಪೋರ್ಟಲ್ಲಿ ಅದು ಬರೆದಿರಲ್ಲ. ಅವರ ಮಾತು ಮುಗಿಯೋಕೆ ಕಾಯದೆ ಕ್ಲಾಸಿಗೆ ಬಂದೆ.

"ವಿಡಿಯೋದಲ್ಲಿ ನಾನು ಹೇಳಿದ್ದು ತಪ್ಪು" ಅಂದೆ. "ಸಮರೂಪಕ್ಕೆ ಸೇಮ್ ಅಂದೆ. ಸೇಮ್ ಅಲ್ಲ. ಇಡೀ ಕ್ಲಾಸಲ್ಲಿ ಸರಿಯಾಗಿ ನೋಡಿದವಳು ಇವಳೊಬ್ಬಳು. ನಾನು ಇವಳಿಗೆ ಕೆಂಪು ಹಾಕ್ದೆ, ಮನೆಗೆ ಫೋನ್ ಮಾಡ್ದೆ, ನಿನ್ನೆ ನೀವೆಲ್ಲ ನಕ್ಕಾಗ ಸುಮ್ಮನಿದ್ದೆ. ಕ್ಷಮಿಸಮ್ಮ." ಯಾಕೆ ದನಿ ಇಲ್ಲದೆ ನೋಡಿದಳು ಅನ್ನೋದನ್ನ ಹೇಳಲಿಲ್ಲ. ಅದು ಅವಳ ಮನೆ ಮಾತು.

ಆಮೇಲೆ ಆ ಬಾಯಿಬಡುಕನೇ ಎದ್ದು ತಲೆ ಕೆರೆದ. "ಮಿಸ್, ಬೈಯಲ್ಲ ಅಂದ್ರೆ ಒಂದು ಹೇಳ್ಲಾ? ನಾವು ವಿಡಿಯೋನ ಕೊನೇಗೆ ಓಡಿಸ್ಬಿಟ್ಟು ಪದ ಕೇಳ್ಕೊಳ್ತೀವಿ. ಒಬ್ಬ ನೋಡ್ತಾನೆ, ಅವನು ಪಾಠ ಒಂದು ಲೈನಲ್ಲಿ ವಾಯ್ಸ್ ಮೆಸೇಜ್ ಹಾಕ್ತಾನೆ." ಆ ವಾರದ ಒಂದು ಲೈನು ಏನಿತ್ತು ಅಂತ ನಾನು ಕೇಳೋ ಅಗತ್ಯ ಇರಲಿಲ್ಲ. ಚಾರ್ಟ್ ಕಿತ್ತು ಬೀರು ಹಿಂದೆ ಹಾಕ್ದೆ. ಪದವನ್ನೂ ನಿಲ್ಲಿಸ್ದೆ. ಅದರ ಬದಲು ವಿಡಿಯೋದಿಂದ ಒಂದು ಚಿತ್ರ, ಒಂದು ಪ್ರಶ್ನೆ ಬರ್ಕೊಂಡು ಬನ್ನಿ, ಕ್ಲಾಸಿನ ಮೊದಲ ಐದು ನಿಮಿಷ ಅದನ್ನೇ ಮಾತಾಡೋಣ ಅಂದೆ. ಬಾಯಲ್ಲಿ ಹೇಳಿದ್ದನ್ನೆಲ್ಲ ಬೋರ್ಡಲ್ಲೂ ಬರೀತೀನಿ, ಬರೆದದ್ದನ್ನೆಲ್ಲ ಓದ್ತೀನಿ. ನೋಡೋಕೆ ಅನುಕೂಲ ಇಲ್ಲದವರು ಬೆಳಿಗ್ಗೆ ಬೇಗ ಬನ್ನಿ, ಟ್ಯಾಬ್ ಕೊಡ್ತೀನಿ ಅಂದೆ. ಈಗ ಕೆಲಸ ನಡೀತಿದೆ. ಮಕ್ಕಳು ಗುಂಪಲ್ಲಿ ಜಗಳ ಆಡ್ಕೊಂಡು ಲೆಕ್ಕ ಬಿಡಿಸೋದು ನೋಡಿದ್ರೆ ಖುಷಿಯಾಗುತ್ತೆ, ಸುಳ್ಳು ಯಾಕೆ ಹೇಳ್ಲಿ.

ಅವಳಪ್ಪ ಮಾತಿಗೆ ತಪ್ಪಲಿಲ್ಲ. ಮಗಳಿಂದ ವಿಷಯ ಕೇಳಿ ಅದೇ ದಿನ ಫೋನ್ ವಾಪಸ್ ಕೊಟ್ರು. ನನಗೆ ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು. ಅವಳು ಬೆಳಿಗ್ಗೆ ಟ್ಯಾಬಿಗೂ ಬರಲಿಲ್ಲ, ಮನೇಲೇ ನೋಡ್ತೀನಿ ಅಂದಳು. ದಿನಾ ಚಿತ್ರ ಬರ್ಕೊಂಡು ಬರ್ತಿದ್ದಳು, ಪ್ರಶ್ನೆ ಕೇಳ್ತಿದ್ದಳು, ಗುಂಪಲ್ಲಿ ಎಲ್ಲರಿಗಿಂತ ಮುಂದಿದ್ದಳು. ಎಲ್ಲಾ ಸರಿಹೋಯ್ತು ಅಂತ ನಾನೂ ಮರೆತೆ.

ಮೂರು ವಾರದ ಮೇಲೆ ಕ್ಲಾಸಿಂದ ಹೊರಗೆ ಬರ್ತಾ, "ಈಗಲೂ ಸೌಂಡ್ ಇಲ್ದೆನೇ ನೋಡ್ತೀಯೇನೇ?" ಅಂತ ತಮಾಷೆಗೆ ಕೇಳಿದೆ.

"ಇಲ್ಲ ಮಿಸ್. ಅಪ್ಪನೇ ಜೋರಾಗಿ ಇಡು ಅಂತಾರೆ."

"ಮತ್ತೆ ಅವರ ನಿದ್ದೆ?"

"ಮಲಗಲ್ಲ ಮಿಸ್. ನಾನು ಫೋನ್ ಕೆಳಗಿಡೋವರೆಗೂ ಪಕ್ಕದಲ್ಲೇ ಎದ್ದು ಕೂತಿರ್ತಾರೆ. ಮೊನ್ನೆ ಬೇಕರೀಲಿ ನಿಂತಲ್ಲೇ ತೂಕಡಿಸಿ ಮತ್ತೆ ಕೈ ಸುಟ್ಕೊಂಡ್ರು."

"ಅಯ್ಯೋ, ನಾನೇ ಬಂದು ಹೇಳಿದ್ದೆನಲ್ಲಮ್ಮ, ನೀನು ಪಾಠನೇ ನೋಡಿದ್ದೀಯ ಅಂತ!"

"ಅದೂ ನೀವೇ ಹೇಳಿದ್ದು, ಅದಕ್ಕೇ ಫೋನ್ ಕೊಟ್ರು" ಅಂದಳು. "ಏನ್ ನೋಡ್ತಾಳೋ ಗಮನ ಇಡಿ ಅಂದಿದ್ದೂ ನೀವೇ ಅಲ್ವಾ ಮಿಸ್. ಅದಕ್ಕೇ ಕೂತಿರ್ತಾರೆ."